ಒತ್ತಕ್ಷರಗಳ ಕೆಳಗಿನ ಬಿಳಿ

ಗ್ರಂಥವನ್ನು ಮುಟ್ಟುವ ಮೊದಲು ಕೈ ತೊಳೆಯಬೇಕೆಂದು ನಮ್ಮ ಮನೆಯಲ್ಲಿ ಕಲಿಸಿದ್ದರು. ತೊಳೆದ ಕೈಯಿಂದಲೇ ಇಷ್ಟು ಕಾಲ ಪುಸ್ತಕಗಳನ್ನು ತೆರೆದಿದ್ದೇನೆ. ಶಾಲೆಯಲ್ಲಿ ಮಕ್ಕಳಿಗೆ ಓದಿಸಿದ್ದೇನೆ. ಆದರೂ ಒಂದು ಸಾಲಿಗೂ ಅದರ ಕೆಳಗಿನ ಸಾಲಿಗೂ ನಡುವೆ ಇರುವ ಬಿಳಿಯ ಜಾಗವನ್ನು ನಾನು ಕಣ್ಣಿಟ್ಟು ನೋಡಿದ್ದು ಈಚಿನ ಒಂದು ಆಷಾಢದಲ್ಲಿ, ಐರೋಲಿಯ ಒಂದು ಫ್ಲ್ಯಾಟಿನಲ್ಲಿ, ಕಂಪ್ಯೂಟರಿನ ಮುಂದೆ ಕುಳಿತು.

ಠಾಣೆಯ ಮಾಜಿವಾಡಾದ ಬಳಿ, ಒಂದು ಹೌಸಿಂಗ್ ಸೊಸೈಟಿಯ ಹಾಲಿನಲ್ಲಿ, ನಮ್ಮ ಪಾರಾಯಣ ಮಂಡಳಿ ಪ್ರತಿ ಏಕಾದಶಿಗೆ ಸೇರುತ್ತದೆ. ನಾನು ಡೊಂಬಿವಲಿಯಿಂದ ಹೋಗುತ್ತೇನೆ. ವ್ಯಾಸಪೀಠದ ಮುಂದೆ ಕುಳಿತು ಮೊದಲು ಓದುವವರು ಧಾರವಾಡದ ಕಡೆಯ ಒಬ್ಬ ಹಿರಿಯರು; ನಾವೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತೇವೆ. ಅವರು ಓದಿದ್ದನ್ನು ಉಳಿದವರು ಅನುಸರಿಸಿ ಹೇಳುವುದು ಪದ್ಧತಿ. ಎಷ್ಟೇ ಬಾಯಿಪಾಠವಿದ್ದರೂ ಗ್ರಂಥ ನೋಡಿಯೇ ಓದಬೇಕು, ಅಕ್ಷರ ತಪ್ಪಿದರೆ ಅಧ್ಯಾಯವನ್ನು ಮೊದಲಿನಿಂದ ಹಿಡಿಯಬೇಕು, ಇವೆರಡು ನಮ್ಮಲ್ಲಿ ಮೀರದ ನಿಯಮಗಳು. ಮೂರನೆಯದು ದೊಡ್ಡಮ್ಮನವರದೇ: ಅವರು ಪುಟದ ಮೇಲೆ ಬೆರಳಿಡುವುದಿಲ್ಲ. ಕಡ್ಡಿಯಗಲದ ಗಂಧದ ಮರದ ಪಟ್ಟಿಯೊಂದನ್ನು ಓದುವ ಸಾಲಿನ ಕೆಳಗೆ ಇಟ್ಟು, ಸಾಲು ಮುಗಿದಂತೆ ಕೆಳಕ್ಕೆ ಜಾರಿಸುತ್ತಾರೆ.

ಹಳೆಯ ಗ್ರಂಥದ ಹಾಳೆಗಳು ಮಡಿಸಿದಲ್ಲಿ ಪುಡಿಯಾಗತೊಡಗಿದ್ದವು. ಹೊಸದಾಗಿ ಅಚ್ಚು ಹಾಕಿಸುವ ಕೆಲಸ ನನಗೆ ಬಂತು. ಪುಟಗಳನ್ನು ಜೋಡಿಸಿಕೊಟ್ಟವಳು ಐರೋಲಿಯ ಹುಡುಗಿ. ತಂದೆಯದು ವಾಶಿಯಲ್ಲಿ ಹೋಟೆಲು, ಮನೆಯಲ್ಲಿ ತುಳು. ತಾನು ಪುಸ್ತಕ ವಿನ್ಯಾಸವನ್ನೇ ಓದಿ, ಅದರಲ್ಲೇ ಉದ್ಯೋಗ ಮಾಡುವವಳು. ಕನ್ನಡ ಓದಬಲ್ಲಳು, ಆದರೆ ಅವಳ ಕೈಗೆ ಬರುತ್ತಿದ್ದುದು ಬಹುಪಾಲು ಮರಾಠಿ ಮತ್ತು ಇಂಗ್ಲಿಷ್ ಪುಸ್ತಕಗಳು.

ಮೊದಲ ಕರಡನ್ನು ಏಕಾದಶಿಯಂದು ಹಾಲಿಗೆ ಒಯ್ದೆ. ಕಾಗದ ಬೆಳ್ಳಗಿತ್ತು, ಮಸಿ ಕಪ್ಪಗಿತ್ತು. ನನಗೆ ಹೆಮ್ಮೆಯೇ ಆಗಿತ್ತು. ದೊಡ್ಡಮ್ಮ ಕಣ್ಣಿಗೊತ್ತಿಕೊಂಡು ತೆರೆದರು, ಪಟ್ಟಿಯನ್ನಿಟ್ಟರು, ಓದತೊಡಗಿದರು. ಮೂರನೆಯ ಸಾಲಿನಲ್ಲಿ ‘ಭಕ್ತ್ಯಾ’ ಎಂಬಲ್ಲಿ ಯಕಾರ ಬಿಟ್ಟುಹೋಯಿತು. ಮೊದಲಿನಿಂದ ಹಿಡಿದರು. ಮುಂದೆ ‘ಲಕ್ಷ್ಮ್ಯೈ’ ಎಂಬಲ್ಲಿ ತಡವರಿಸಿ ನಿಂತರು. ಹಿಂದೆ ಕುಳಿತಿದ್ದ ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಏನೋ ಅಂದರು.

ದೊಡ್ಡಮ್ಮ ಪುಸ್ತಕ ಮುಚ್ಚಿದರು. “ಮಾಸ್ತರ, ನನ್ನ ಕಣ್ಣು ಹೋದುವು ನೋಡ್ರಿ. ಚಾತುರ್ಮಾಸಕ್ಕ ಬ್ಯಾರೆ ಯಾರರೆ ಪೀಠಕ್ಕ ಕೂಡ್ಲಿ.”

“ಹೋದ ತಿಂಗಳಷ್ಟೇ ಹಳೆಯ ಗ್ರಂಥವನ್ನು ಒಂದೂ ತಪ್ಪಿಲ್ಲದೆ ಓದಿದಿರಲ್ಲ?” ಎಂದೆ.

“ಅದು ರೂಢಿ ಇತ್ತು. ಇದು ಕಣ್ಣಿನ ಪರೀಕ್ಷಾ. ನಾ ಫೇಲು.”

ನಗುತ್ತಲೇ ಹೇಳಿದರು. ಆದರೆ ಗಂಧದ ಪಟ್ಟಿಯನ್ನು ಸೆರಗಿನ ತುದಿಯಿಂದ ಒರೆಸಿ ಚೀಲಕ್ಕೆ ಹಾಕಿದ ರೀತಿ ನನ್ನನ್ನು ಕಲಕಿತು. ಗಂಡ ತೀರಿಕೊಂಡ ಮೇಲೆ ಅವರು ಮನೆಯಿಂದ ಹೊರಗೆ ಬರುತ್ತಿದ್ದುದು ಆ ಪೀಠಕ್ಕಾಗಿ ಮಾತ್ರ. ಅದನ್ನು ಬಿಟ್ಟರೆ ಅವರು ಇನ್ನು ಹಾಲಿಗೆ ಬರುವವರಲ್ಲವೆಂದು ನಮಗೆಲ್ಲ ಗೊತ್ತಿತ್ತು.

ಅಕ್ಷರ ದೊಡ್ಡದಾದರೆ ಸರಿಹೋಗುತ್ತದೆ ಎಂದು ನಾನು ಫೋನಿನಲ್ಲಿ ಹೇಳಿದೆ. ಐರೋಲಿಯ ಹುಡುಗಿ ಹದಿನಾರು ಪಾಯಿಂಟಿನ ಅಕ್ಷರವನ್ನು ಇಪ್ಪತ್ತಕ್ಕೆ ಏರಿಸಿ ಒಂದು ಪುಟ ಕಳಿಸಿದಳು. ಪುಟಗಳ ಸಂಖ್ಯೆ ಹೆಚ್ಚಬಾರದೆಂದು ಸಾಲಿನ ಅಂತರವನ್ನು ಮೊದಲಿನಷ್ಟೇ ಕಟ್ಟಿಹಾಕಿದ್ದಳು. ಸಾಲಿನಲ್ಲಿ ಮಾತುಗಳು ಹಿಡಿಯಲೆಂದು ಅಕ್ಷರಗಳನ್ನೂ ಒಂದಕ್ಕೊಂದು ಹತ್ತಿರ ತಂದಿದ್ದಳು. ನೋಡಿ ದಿಗಿಲಾಯಿತು. ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸು ಏತ್ವಗಳ ನೆತ್ತಿಯ ಮೇಲೆ ಕುಳಿತಿದ್ದವು. ಅಕ್ಕಪಕ್ಕದ ಒತ್ತುಗಳು, ನೂಕುನುಗ್ಗಲಿನ ಲೋಕಲ್ ರೈಲಿನಲ್ಲಿ ನಿಂತವರಂತೆ, ಒಂದರ ಬಗಲಿಗೆ ಒಂದು ಸಿಕ್ಕಿಕೊಂಡಿದ್ದವು.

ಶನಿವಾರ ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೆ ಹೋದೆ. ದೊಡ್ಡಮ್ಮನವರನ್ನೂ ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಹಳೆಯ ಗ್ರಂಥ ನನ್ನ ಚೀಲದಲ್ಲಿತ್ತು. ಹುಡುಗಿಯ ತಾಯಿ ಕಾಫಿ ತಂದಿಟ್ಟರು. ಹುಡುಗಿ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು.

“ಮಾಸ್ಟ್ರೇ, ಸ್ಕ್ರೀನ್ ಮೇಲೆ ಎಲ್ಲ ಬರಾಬರ್ ಕಾಣ್ತದೆ ಅಲ್ವಾ? ಝೂಮ್ ಮಾಡಿದ್ರೆ ಒಂದೊಂದು ಒತ್ತು ಕೂಡ ಕ್ಲಿಯರ್ ಉಂಟು.”

“ನಿನಗ ಕಾಣತದ, ತಂಗಿ. ನಿನ್ನ ಕಣ್ಣು ಎಳೇವು,” ಎಂದರು ದೊಡ್ಡಮ್ಮ.

“ಅಮ್ಮಾ, ನಂಗೂ ನಂಬರ್ ಉಂಟು,” ಎಂದು ಅವಳು ಕನ್ನಡಕ ತೋರಿಸಿದಳು. “ನೀವು ಹ್ಯಾಗೆ ಓದ್ತೀರಿ, ಒಮ್ಮೆ ತೋರಿಸಿ.”

ದೊಡ್ಡಮ್ಮ ಚೀಲದಿಂದ ಪಟ್ಟಿ ತೆಗೆದು ಮೊದಲ ಕರಡಿನ ಮೇಲೆ ಇಟ್ಟರು. ಹುಡುಗಿ ಬಗ್ಗಿ ನೋಡಿದಳು. ಪಟ್ಟಿಯನ್ನು ಕೊಂಚ ಮೇಲೆ ಸರಿಸಿದಳು, ಕೊಂಚ ಕೆಳಗೆ ಸರಿಸಿದಳು.

“ಅರೆ! ಇದು ಒತ್ತನ್ನೇ ಮುಚ್ಚಿ ಹಾಕ್ತದೆ!”

ನಾನೂ ಬಗ್ಗಿದೆ. ನಿಜ. ಪಟ್ಟಿಯ ಅಂಚನ್ನು ಅಕ್ಷರಗಳ ಬುಡಕ್ಕೆ ತಂದರೆ ಒತ್ತುಗಳು ಅದರಡಿ ಮುಳುಗುತ್ತಿದ್ದವು. ‘ಭಕ್ತ್ಯಾ’ದ ಯಕಾರ ಕಳೆದುಹೋದದ್ದು ಅಲ್ಲಿಯೇ. ಒತ್ತುಗಳನ್ನು ಬಿಟ್ಟು ಕೆಳಗಿಟ್ಟರೆ ಮುಂದಿನ ಸಾಲಿನ ತಲೆಕಟ್ಟು, ಗುಡಿಸುಗಳು ಮೇಲೆದ್ದು ಬಂದು ಒತ್ತುಗಳ ಜೊತೆ ಬೆರೆಯುತ್ತಿದ್ದವು. ಪಟ್ಟಿ ನಿಲ್ಲುವುದಕ್ಕೆ ಒಂದು ಗೆರೆಯಷ್ಟೂ ಬಿಳಿ ಇರಲಿಲ್ಲ.

ಹಳೆಯ ಗ್ರಂಥವನ್ನು ತೆರೆದು ಪಕ್ಕಕ್ಕಿಟ್ಟೆ. ಅಕ್ಷರಗಳು ಹೊಸ ಕರಡಿನವಕ್ಕಿಂತ ಚಿಕ್ಕವು. ಆದರೆ ಒತ್ತುಗಳು ಇಳಿದು ಮುಗಿದ ಮೇಲೂ, ಮುಂದಿನ ಸಾಲು ಏಳುವ ಮೊದಲು, ಸ್ವಚ್ಛವಾದ ಒಂದು ಓಣಿ ಇತ್ತು. ಪಟ್ಟಿ ಅದರಲ್ಲಿ ತಾನಾಗಿ ಹೋಗಿ ಕುಳಿತಿತು.

“ಸೀಸದ ಪಟ್ಟಿ ಇಡ್ತಿದ್ರು ಆಗ, ಸಾಲಿಗೂ ಸಾಲಿಗೂ ನಡುವೆ,” ಎಂದಳು ಹುಡುಗಿ. “ಲೆಡ್. ಅದಕ್ಕೇ ನಾವು ಸಾಲಿನ ಅಂತರಕ್ಕೆ ಈಗ್ಲೂ ಲೆಡಿಂಗ್ ಅಂತೀವಿ. ನಾನು ಅದನ್ನು ಕಂಪ್ಯೂಟರಿನ ಆಟೋ ಸೆಟ್ಟಿಂಗಿಗೇ ಬಿಟ್ಟಿದ್ದೆ. ಅದು ಅಕ್ಷರದ ನೂರಿಪ್ಪತ್ತು ಪರ್ಸೆಂಟ್ ತಗೊಳ್ತದೆ. ಇಂಗ್ಲಿಷಿಗೆ ಆದೀತು. ಇಲ್ಲಿ ಕೆಳಗೆ ಇಷ್ಟುದ್ದ ಇಳೀತದಲ್ಲ!”

ನಾನು ಬೆರಗಾದೆ. ಯಾರೋ ಪುಣ್ಯಾತ್ಮರು ಒಂದೊಂದು ಸಾಲಿನ ಕೆಳಗೂ ಸೀಸದ ಪಟ್ಟಿ ಇಟ್ಟು ಅಚ್ಚುಮೊಳೆ ಜೋಡಿಸಿದ್ದರು. ಆ ಸೀಸ ಪುಟದಲ್ಲಿ ಎಲ್ಲಿಯೂ ಅಚ್ಚಾಗಿರಲಿಲ್ಲ. ಅದು ಉಳಿಸಿಹೋದ ಬಿಳಿಯಲ್ಲಿ ಇಷ್ಟು ವರ್ಷ ಗಂಧದ ಪಟ್ಟಿ ಓಡಾಡಿತ್ತು.

ಹುಡುಗಿ ಕೆಲಸಕ್ಕೆ ಕುಳಿತಳು. ಅಕ್ಷರವನ್ನು ಇಪ್ಪತ್ತರಿಂದ ಹದಿನೆಂಟಕ್ಕೆ ಇಳಿಸಿದಳು. ಸಾಲಿನ ಎತ್ತರವನ್ನು ಸ್ವಲ್ಪ ಸ್ವಲ್ಪವೇ ಏರಿಸಿದಳು. ಇಪ್ಪತ್ತಾರು. ಒತ್ತುಗಳು ಬಿಡಿಸಿಕೊಂಡವು, ಆದರೆ ‘ಲಕ್ಷ್ಮ್ಯೈ’ಯ ತುದಿ ಇನ್ನೂ ಕೆಳಗಿನ ದೀರ್ಘವನ್ನು ಸೋಕುತ್ತಿತ್ತು. ಮೂವತ್ತೊಂದಕ್ಕೆ ಬಂದಾಗ ಪುಟವೆಲ್ಲ ಒಮ್ಮೆಲೇ ಉಸಿರೆಳೆದುಕೊಂಡಂತಾಯಿತು. ‘ಲಕ್ಷ್ಮ್ಯೈ’ ಪೂರ್ಣವಾಗಿ ಕಂಡಿತು: ಕಕಾರದ ಅಡಿಯಲ್ಲಿ ಷಕಾರ, ಅದರ ಜೊತೆಗೆ ಮಕಾರ, ಪಕ್ಕದಲ್ಲಿ ಯಕಾರ, ಐತ್ವ ಅರ್ಧ ತಲೆಯ ಮೇಲೆ, ಅರ್ಧ ಕಾಲಿನ ಬಳಿ. ನಾಲ್ಕು ವ್ಯಂಜನಗಳು ಒಂದು ಸ್ವರವನ್ನು ಹೊತ್ತು ಒಂದೇ ಅಕ್ಷರವಾಗಿ ನಿಂತಿದ್ದವು. ದೇವಿಯ ಹೆಸರನ್ನು ನಿತ್ಯ ಉಚ್ಚರಿಸುವ ನಾನು ಆ ಅಕ್ಷರದ ರೂಪವನ್ನು ಅಂದೇ ದರ್ಶನ ಮಾಡಿದೆ. ಕೈ ತಾನಾಗಿ ಮುಗಿಯಿತು.

“ಅಕ್ಷರದ ನಡುವೆಯೂ ಸ್ವಲ್ಪ ಜಾಸ್ತಿ ಬಿಡ್ಲಾ?” ಎಂದು ಕೇಳಿ ಅವಳು ಮತ್ತೊಂದು ಅಂಕಿಯನ್ನು ಬದಲಿಸಿದಳು. ಅಚ್ಚಾದ ಹಾಳೆಯನ್ನು ದೊಡ್ಡಮ್ಮನವರ ಮುಂದಿಟ್ಟಳು.

ದೊಡ್ಡಮ್ಮ ಓದಿದರು: ಒಂದೊಂದೇ ಅಕ್ಷರ, ಬಿಡಿಬಿಡಿಯಾಗಿ. ಓದು ನಿಲ್ಲಿಸಿ ನಕ್ಕರು. “ಏನವಾ, ಶಾಲಿಗೆ ಹೊಸದಾಗಿ ಹೆಸರು ಹಚ್ಚಿದ ಹುಡುಗನ ಗತೆ ಓದಿಸಾಕತ್ತಿ ನನ್ನ! ಮಾತು ಎಲ್ಲಿ ಮುಗೀತು ಅಂತನ ತಿಳೀವಲ್ದು.”

ಸಂಧಿ ಸಮಾಸಗಳಿಂದ ಉದ್ದವಾದ ಪದಗಳು ಚದುರಿ ಹೋಗಿದ್ದವು. ಅಕ್ಷರಗಳ ನಡುವಿನ ತೆರಪಿಗೂ ಪದಗಳ ನಡುವಿನ ತೆರಪಿಗೂ ವ್ಯತ್ಯಾಸ ಉಳಿದಿರಲಿಲ್ಲ. ಹುಡುಗಿ ಅದನ್ನು ಸೊನ್ನೆಗೆ ಇಳಿಸಿ, ಒತ್ತುಗಳು ಪಕ್ಕದ ಅಕ್ಷರಕ್ಕೆ ತಾಗದಷ್ಟು ಮಾತ್ರ, ಕೂದಲೆಳೆಯಷ್ಟು, ಏರಿಸಿದಳು. ಬಲ ಅಂಚು ಸಮವಾಗಿರಲೆಂದು ಸಾಲುಗಳನ್ನು ಎಳೆದು ಕೂರಿಸಿದ್ದನ್ನೂ ಬಿಟ್ಟಳು. “ಉದ್ದ ಪದ ಬಂದ್ರೆ ಸಾಲಿನಲ್ಲಿ ಎರಡೇ ಗ್ಯಾಪ್ ಇರ್ತದೆ ಮಾಸ್ಟ್ರೇ. ಮತ್ತೆ ಅದು ಅಕ್ಷರವನ್ನೇ ಎಳೀತದೆ. ಬಲಗಡೆ ಏರುಪೇರು ಇರಲಿ, ಚಲೇಗಾ?”

“ಇರಲಿ ಮಗು,” ಎಂದೆ.

ಮುಂದೆ ಒಂದು ತೊಡಕು ಬಂತು. ಪುಟಗಳು ಬಹಳವಾದವು. ನಡುವೆ ಪಿನ್ನು ಹೊಡೆದ ತೆಳ್ಳಗಿನ ಪುಸ್ತಕ ಮಾತ್ರ ವ್ಯಾಸಪೀಠದ ಮೇಲೆ ತಾನಾಗಿ ಬಿಚ್ಚಿ ಮಲಗುತ್ತದೆ. ದಪ್ಪವಾದರೆ ಬೆನ್ನಿಗೆ ಅಂಟು ಹಾಕಬೇಕು, ಆಗ ಒಂದು ಕೈಯಿಂದ ಒತ್ತಿ ಹಿಡಿಯದೆ ನಿಲ್ಲುವುದಿಲ್ಲ. ದೊಡ್ಡಮ್ಮನವರ ಒಂದು ಕೈಯಲ್ಲಿ ಪಟ್ಟಿ, ಇನ್ನೊಂದರಲ್ಲಿ ಜಪಮಾಲೆ.

“ಸಾಲು ಇಪ್ಪತ್ತೆಂಟಕ್ಕೆ ಇಳಿಸಿದ್ರೆ ಹಿಡೀತದೆ,” ಎಂದಳು ಹುಡುಗಿ, ಮನಸ್ಸಿಲ್ಲದ ದನಿಯಲ್ಲಿ.

ಪುಸ್ತಕದ ಮೊದಲಿಗೆ ನಾನು ಬರೆದ ಪೀಠಿಕೆ ಇತ್ತು: ಗ್ರಂಥದ ಮಹಿಮೆ, ಛಂದಸ್ಸಿನ ವಿಚಾರ, ಪಾರಾಯಣದ ವಿಧಿ. ಬೇಸಗೆಯೆಲ್ಲ ಕುಳಿತು ಬರೆದದ್ದು. ಪರದೆಯ ಮೇಲೆ ಅದನ್ನು ಒಮ್ಮೆ ಓದಿಕೊಂಡೆ. ಭಗವಂತನ ನಾಮದ ಕೆಳಗಿನ ಬಿಳಿಯನ್ನು ಕಡಿದು ನನ್ನ ಮಾತುಗಳಿಗೆ ಕೊಡುವುದು ಹೇಗೆ?

“ಸಾಲನ್ನು ಮುಟ್ಟಬೇಡ. ಪೀಠಿಕೆ ತೆಗೆದುಬಿಡು,” ಎಂದೆ.

“ಪಕ್ಕಾ?”

“ಪಕ್ಕಾ.”

ಕಲ್ಯಾಣದ ಮುದ್ರಣಾಲಯದಿಂದ ಪುಸ್ತಕಗಳು ಬಂದದ್ದು ಚಾತುರ್ಮಾಸದ ಮೊದಲ ಏಕಾದಶಿಯ ಬೆಳಿಗ್ಗೆ. ಹುಡುಗಿಯೂ ಹಾಲಿಗೆ ಬಂದು ಬಾಗಿಲ ಬಳಿ ಕುಳಿತಳು. ದೊಡ್ಡಮ್ಮ ಪೀಠದ ಎದುರು ಕೂರಲು ಮೊದಲು ಒಪ್ಪಲಿಲ್ಲ. “ಮೊದಲ ಪುಟದಾಗ ತಪ್ಪಿದರ ಎದ್ದುಬಿಡ್ತೀನಿ, ಯಾರೂ ಕರೀಬ್ಯಾಡ್ರಿ ಮತ್ತ,” ಎಂದು ಮಾತು ತೆಗೆದುಕೊಂಡೇ ಕುಳಿತರು. ಪುಸ್ತಕ ಕೈ ಬಿಟ್ಟರೂ ಮುಚ್ಚಿಕೊಳ್ಳಲಿಲ್ಲ. ಪಟ್ಟಿಯನ್ನಿಟ್ಟರು. ಅದು ಬಿಳಿಯ ಓಣಿಯಲ್ಲಿ ನಿಂತಿತು.

‘ಭಕ್ತ್ಯಾ’ ದಾಟಿತು. ‘ಲಕ್ಷ್ಮ್ಯೈ’ ಬಂತು, ನಾಲ್ಕು ವ್ಯಂಜನಗಳೂ ಅವರ ನಾಲಗೆಯ ಮೇಲೆ ಒಂದೊಂದಾಗಿ ಕಾಲಿಟ್ಟು ಒಟ್ಟಿಗೆ ಇಳಿದುಹೋದವು. ಹಾಲಿನವರೆಲ್ಲ ಹಿಂದಿನಿಂದ ಹೇಳಿದರು. ಪಟ್ಟಿ ಒಂದು ಸಾಲು ಕೆಳಕ್ಕೆ ಜಾರಿತು, ಮತ್ತೊಂದು ಸಾಲು ಜಾರಿತು; ಅಧ್ಯಾಯ ಮುಗಿಯುವವರೆಗೆ ಎಲ್ಲಿಯೂ ನಿಲ್ಲಲಿಲ್ಲ.

ಮಂಗಳಾರತಿಯ ನಂತರ ಅವರು ಪುಸ್ತಕದ ಮೊದಲ ಹಾಳೆಗಳನ್ನು ತಿರುವಿ ನೋಡಿದರು.

“ಮಾಸ್ತರ, ನಿಮ್ಮ ಪೀಠಿಕಾ ಎಲ್ಲಿ?”

“ತೆಗೆಸಿದೆ. ಜಾಗ ಸಾಲಲಿಲ್ಲ.”

“ಛಲೋ ಆತು ಬಿಡ್ರಿ. ಅದನ್ನ ಯಾರೂ ಓದ್ತಿದ್ದಿಲ್ಲ.” ಬಾಗಿಲ ಬಳಿ ಹುಡುಗಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ.

ದೊಡ್ಡಮ್ಮ ಪಟ್ಟಿಯನ್ನು ಒರೆಸಿದರು. ಚೀಲಕ್ಕೆ ಹಾಕಲಿಲ್ಲ. ಮುಂದಿನ ಏಕಾದಶಿಗೆ ಓದಬೇಕಾದ ಅಧ್ಯಾಯವನ್ನು ತೆರೆದು, ಮೊದಲ ಸಾಲಿನ ಕೆಳಗಿನ ಬಿಳಿಯಲ್ಲಿ ಅದನ್ನು ಮಲಗಿಸಿ, ಪುಸ್ತಕವನ್ನು ಮೆಲ್ಲಗೆ ಮುಚ್ಚಿ ಪೀಠದ ಮೇಲೆಯೇ ಬಿಟ್ಟರು.