ಅವಳು ನಿಧಾನ ಮಾಡಿದ ಹಾಡು

ನಮ್ಮಿಬ್ಬರ ಬಳಿಯೂ ವಾಚ್ ಇರಲಿಲ್ಲ, ಬೇಕು ಅನ್ನಿಸಿಯೂ ಇರಲಿಲ್ಲ. ಗುಂಡ್ಲುಪೇಟೆಯಿಂದ ಭೀಮನಬೀಡಿನ ಕಡೆ ಹೋಗುವ ರಸ್ತೆಯಲ್ಲಿ ಹಾಡೇ ನಮ್ಮ ವಾಚು. ಮೊದಲ ಚರಣ ಮುಗಿಯುವಾಗ ಬೋರ್‌ವೆಲ್ ಶೆಡ್ ದಾಟಿರಬೇಕು, ಹಾಡು ಮುಗಿಯುವಾಗ ಚೆಂಡುಹೂವಿನ ಹೊಲದ ಮೂಲೆ ಬಂದಿರಬೇಕು. ಬಂದರೆ ಸರಿಯಾದ ವೇಗ. ಇಷ್ಟೇ ನಮ್ಮ ಲೆಕ್ಕ.

ಈ ಲೆಕ್ಕ ಕಂಡುಹಿಡಿದವಳು ನನ್ನ ಗೆಳತಿ. ಶಾಲೆಗಳ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ಡ್ಯಾನ್ಸ್ ಕಲಿಸುವುದು ಅವಳ ಕೆಲಸ. ಪುಟ್ಟ ಮಕ್ಕಳ ಕಾಲಿಗೆ ಸಿಗಲೆಂದು ಹಾಡನ್ನು ಫೋನಿನಲ್ಲೇ ನಿಧಾನ ಮಾಡುತ್ತಿದ್ದಳು, ದೊಡ್ಡವರಿಗೆ ಚುರುಕು ಮಾಡುತ್ತಿದ್ದಳು. ದನಿ ಮಾತ್ರ ಕೆಡುತ್ತಿರಲಿಲ್ಲ. ಹಾಗೆಯೇ ನಮ್ಮ ಓಟಕ್ಕೂ ಒಂದು ಹಾಡನ್ನು ಹದ ಮಾಡಿದಳು.

"ತಾಳದ ಒಂದೊಂದ್ ಏಟ್ಗೂ ಒಂದೊಂದ್ ಎಜ್ಜೆ ಕಣಮ್ಮಿ. ನೀನೇನೂ ಯೋಚ್ನೆ ಮಾಡ್ಬೇಡ, ಕಾಲೇ ಓಯ್ತದೆ" ಅಂದಳು.

ನಿಜಕ್ಕೂ ಕಾಲೇ ಹೋಗುತ್ತಿತ್ತು. ಬರಿಗಿವಿಯಲ್ಲಿ ಓಡುವಾಗ ಏದುಸಿರು ಬರುತ್ತಿದ್ದ ಜಾಗದಲ್ಲಿ ಹಾಡಿದ್ದರೆ ಅರ್ಧ ಆಯಾಸವೂ ತಿಳಿಯುತ್ತಿರಲಿಲ್ಲ. ಕೊನೆಯಲ್ಲಿ ಜೀವ ಬಿಟ್ಟು ಓಡುವಾಗ ಮಾತ್ರ ಯಾವ ಹಾಡೂ ಕಿವಿಯಲ್ಲಿ ಉಳಿಯುವುದಿಲ್ಲ, ಎದೆಯ ಸದ್ದೇ ಅದನ್ನು ನುಂಗಿಹಾಕುತ್ತದೆ. ಜಿಲ್ಲಾ ಆಯ್ಕೆಯ ಓಟದ ದಿನ ಇಯರ್‌ಫೋನ್ ಹಾಕಲು ಬಿಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕಿವಿಯಲ್ಲಿ ಇಲ್ಲದಿದ್ದರೂ ಕಾಲಿನಲ್ಲಿ ಇರಲಿ ಎಂದೇ ದಿನವೂ ಅದೇ ಹಾಡು ಕೇಳುತ್ತಿದ್ದೆವು.

ಚಾಮರಾಜನಗರದ ಕ್ರೀಡಾಂಗಣದಲ್ಲಿ ಐದು ಸಾವಿರ ಮೀಟರಿಗೆ ಜಿಲ್ಲೆಯಿಂದ ಒಬ್ಬಳನ್ನೇ ಆರಿಸುತ್ತಿದ್ದರು. ನಾವಿಬ್ಬರೂ ಹೆಸರು ಕೊಟ್ಟಿದ್ದೆವು. ಆಯ್ಕೆಯಾದರೆ ಕ್ರೀಡಾ ಹಾಸ್ಟೆಲ್. ಟೈಲರ್ ಅಂಗಡಿಯ ನಮ್ಮಪ್ಪ ಒಂದೇ ಮಾತು ಹೇಳಿದ್ದರು: "ಈ ಸಲ ಆದ್ರೆ ಓಡು. ಆಗ್ನಿಲ್ವಾ, ಬುಟ್ಬುಟ್ಟು ಮಿಷಿನ್ ಮುಂದೆ ಕೂತ್ಕೊ."

ಕೊನೆಯ ತಿಂಗಳು ಗೆಳತಿ ತನಗೆ ಬೆಳಿಗ್ಗೆ ಡ್ಯಾನ್ಸ್ ಕ್ಲಾಸು, ಸಂಜೆ ಓಡುತ್ತೇನೆ ಅಂದಳು. ನಾನು ಬೆಳಿಗ್ಗೆ ಒಬ್ಬಳೇ ಓಡಿದೆ. ನಡುನಡುವೆ "ಹಳೇ ಫೈಲು ಸರಿ ಇಲ್ಲ, ಇದ್ನ ಹಾಕ್ಕೊ" ಎಂದು ಅದೇ ಹಾಡನ್ನು ಮತ್ತೆ ಕಳಿಸುತ್ತಿದ್ದಳು. ಹಾಕಿಕೊಂಡೆ. ಚರಣಕ್ಕೆ ಸರಿಯಾಗಿ ಶೆಡ್ ಬರುತ್ತಿತ್ತು, ಹಾಡು ಮುಗಿದರೆ ಚೆಂಡುಹೂವು. ಆಯಾಸವಂತೂ ದಿನದಿಂದ ದಿನಕ್ಕೆ ಕಡಿಮೆ. ಇನ್ನೇನು, ನಾನು ಗಟ್ಟಿಯಾಗುತ್ತಿದ್ದೇನೆ ಎಂದು ಹಿಗ್ಗಿ ಅಮ್ಮನಿಗೆ ಹೇಳಿದೆ. ಗೆಳತಿಗೂ ಹೇಳಿದೆ. "ನಂಗೊತ್ತಿತ್ತು ಕಣಮ್ಮಿ" ಅಂತ ಕೆನ್ನೆ ಹಿಂಡಿದಳು.

ಆಯ್ಕೆಯ ದಿನ ತಲೆಯೊಳಗೆ ಹಾಡು ಹಚ್ಚಿಕೊಂಡು ಓಡಿದೆ. ಮೊದಲ ಸುತ್ತಿನಿಂದಲೇ ಅವಳು ನನ್ನನ್ನು ಬಿಟ್ಟು ಹೋದಳು. ಅವಸರಪಟ್ಟಳು, ಆಮೇಲೆ ಸುಸ್ತಾಗುತ್ತಾಳೆ ಅಂದುಕೊಂಡೆ. ಸುಸ್ತಾಗಲಿಲ್ಲ. ಕೊನೆಗೆ ನಾನು ವೇಗ ಹೆಚ್ಚಿಸಲು ನೋಡಿದರೆ, ಎಷ್ಟೋ ದಿನದಿಂದ ಆ ವೇಗವನ್ನೇ ಕಾಣದ ಕಾಲು ತೊಡರಿತು, ಉಸಿರು ಕಟ್ಟಿತು. ಆಯ್ಕೆಯಾದವಳು ಅವಳು. ಅತ್ತುಕೊಂಡೇ ಅವಳನ್ನು ತಬ್ಬಿಕೊಂಡೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅವಳು ಕಾಗದಪತ್ರದ ಕೆಲಸಕ್ಕೆ ಅಲ್ಲೇ ಉಳಿದಳು. ನಾನು ಗುಂಡ್ಲುಪೇಟೆಯ ಖಾಸಗಿ ಬಸ್ ಹತ್ತಿದೆ. ದಾರಿಯಲ್ಲಿ ಡ್ರೈವರ್ ನಮ್ಮ ಹಾಡನ್ನೇ ಹಾಕಿದ. ಅಭ್ಯಾಸಬಲದಿಂದ ನನ್ನ ಕಾಲು ತಾಳ ಹಾಕತೊಡಗಿತು. ಆದರೆ ಕೂಡುತ್ತಿಲ್ಲ. ಹಾಡು ನನ್ನ ಕಾಲಿಗಿಂತ ಮುಂದೆ ಮುಂದೆ ಓಡುತ್ತಿದೆ.

"ಅಣ್ಣ, ಈ ಹಾಡ್ನ ಸ್ಪೀಡ್ ಮಾಡಿದ್ದೀರಾ?" ಎಂದು ಕಂಡಕ್ಟರನ್ನು ಕೇಳಿದೆ.

"ಹಾಡ್ನ ಯಾರವ್ವ ಸ್ಪೀಡ್ ಮಾಡಾರು? ಮದ್ಲಿಂದ್ಲೂ ಇಂಗೇ ಅದೆ" ಅಂತ ನಕ್ಕ.

ಫೋನಿನಲ್ಲಿ ನಮ್ಮ ಫೈಲುಗಳನ್ನು ತೆರೆದೆ. ಮೊದಲು ಕೊಟ್ಟದ್ದು ಬಸ್ಸಿನ ಹಾಡಿಗಿಂತ ಚುರುಕು. ಆಮೇಲೆ ಬಂದ ಒಂದೊಂದೂ ಹಿಂದಿನದಕ್ಕಿಂತ ಒಂದಿಷ್ಟು ಉದ್ದ. ಕೊನೆಯದು ಎಲ್ಲಕ್ಕಿಂತ ಉದ್ದ. ಒಮ್ಮೆಗೇ ಎಳೆದಿದ್ದರೆ ಕಿವಿ ಹಿಡಿಯುತ್ತಿತ್ತು, ಚೂರುಚೂರೇ ಎಳೆದಿದ್ದಳು. ಹಾಡು ನಿಧಾನವಾದಷ್ಟೂ ನನ್ನ ಹೆಜ್ಜೆ ನಿಧಾನ. ಒಂದು ಹಾಡಿಗೆ ಬೀಳುವ ಹೆಜ್ಜೆಗಳ ಎಣಿಕೆ ಮಾತ್ರ ಮೊದಲಿನಷ್ಟೇ ಆದ್ದರಿಂದ ಶೆಡ್ಡೂ ಚೆಂಡುಹೂವೂ ತಪ್ಪದೆ ಬರುತ್ತಿದ್ದವು. ಬೆಳೆಯುತ್ತಿದೆ ಅಂದುಕೊಂಡ ನನ್ನ ಶಕ್ತಿ ಬರೀ ನಿಧಾನದ ಸುಖ.

ಮರುದಿನ ಅವಳ ಮನೆ ಬಾಗಿಲಲ್ಲಿ ನಿಂತು ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ.

"ಒಬ್ಳೇ ಓಗಾದು ಅಂತ ಇಬ್ರುಗೂ ಗೊತ್ತಿತ್ತಲ್ಲ" ಅಂದಳು. "ನಿನ್ ಕಾಲು ನನ್ಗಿಂತ ಚುರುಕು ಕಣೆ. ನಾ ಇನ್ನೇನ್ ಮಾಡ್ಲಿ?"

ಹೊಗಳಿಕೆಯೋ ಕ್ಷಮೆಯೋ, ಎರಡೂ ನನಗೆ ಬೇಕಿರಲಿಲ್ಲ. ಹಿಂದಿರುಗಿ ಬಂದೆ.

ಈಗ ಅಪ್ಪನ ಅಂಗಡಿಯಲ್ಲಿ ನನಗೂ ಒಂದು ಮಿಷಿನ್ ಇದೆ. ಫೈಲುಗಳನ್ನೆಲ್ಲ ಅಂದೇ ಅಳಿಸಿಹಾಕಿದೆ. ಆದರೆ ಪೆಡಲ್ ಮೇಲೆ ಕಾಲಿಟ್ಟು ಉದ್ದ ಹೊಲಿಗೆ ಹಿಡಿದರೆ, ಕಾಲು ಅವಳು ಕೊನೆಗೆ ಕೊಟ್ಟ ತಾಳಕ್ಕೇ ಆಡುತ್ತದೆ.