ಪಾರ್ವತಿಬಾಯಿ ಕಟ್ಟದ ಮೂರು ಖೋಲಿ

ಸೋಲಾಪುರದಿಂದ ವಳಸಂಗ ದಾಟಿ ಅಕ್ಕಲಕೋಟದ ಕಡೆಗೆ ಹೋಗುವಾಗ, ರಸ್ತೆಯಿಂದ ತುಸು ಒಳಗೆ ಹೊಲದ ನಡುವೆ ಪಾರ್ವತಿಬಾಯಿಯ ಮನೆ. ಮನೆಗೆ ಹೊಂದಿಕೊಂಡಂತೆ ಎರಡು ಖೋಲಿಗಳ ಹೋಮ್‌ಸ್ಟೇ. ಅದನ್ನು ಕಟ್ಟಿ ನಡೆಸಿದವನು ಆಕೆಯ ಗಂಡ ಸಾಯಬಣ್ಣ. ಹೊಲ ಮಾಡಿಕೊಂಡಿದ್ದ ಅವನಿಗೆ ಬೋರಾಮಣಿಯ ಹುಲ್ಲುಗಾವಲಿನ ಹುಚ್ಚು. ತೋಳದ ಮರಿಗಳು ಯಾವ ಹಳ್ಳದಲ್ಲಿವೆ, ಚಿಗರಿಗಳ ಹಿಂಡು ಎತ್ತ ಸರಿದಿದೆ ಎಂಬುದೆಲ್ಲ ಅವನಿಗೆ ಗೊತ್ತಿರುತ್ತಿತ್ತು. ಪುಣೆಯಿಂದ, ಹೈದರಾಬಾದಿನಿಂದ ಕ್ಯಾಮೆರಾ ಹೊತ್ತು ಬಂದವರನ್ನು ನಸುಕಿನಲ್ಲಿ ಹಳೆಯ ಜೀಪಿನಲ್ಲಿ ಕರೆದೊಯ್ಯುತ್ತಿದ್ದ. ಅವರು ತಿರುಗಿ ಬರುವ ಹೊತ್ತಿಗೆ ಪಾರ್ವತಿಬಾಯಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಸಿದ್ಧ ಮಾಡಿರುತ್ತಿದ್ದಳು.

ಇನ್ನೂ ಮೂರು ಖೋಲಿ ಕಟ್ಟಬೇಕೆಂದು ಸಾಯಬಣ್ಣ ಜಾಗ ಗುರುತು ಮಾಡಿದ್ದ. ಶ್ರಾವಣದಲ್ಲಿ, ಎಮ್ಮೆಗೆ ಮೇವು ಹಾಕಲು ಹೋದವನು ದನದ ಕೊಟ್ಟಿಗೆಯಲ್ಲೇ ಕುಸಿದ. ದವಾಖಾನೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ದಸರಾ ಮುಗಿದ ಮೇಲೆ ಗೌಂಡಿ ಬಸಣ್ಣ ಬಂದು ಕೇಳಿದ: “ವೈನಿ, ದೀಪಾವಳಿ ಆದಮ್ಯಾಲ ಪಾಯಾ ತಗಿಯೋದೇನ್ರಿ? ಇಲ್ಲಾಂದ್ರ ನಾ ಬ್ಯಾರೆ ಕೆಲಸ ಹಿಡೀತೀನಿ.”

“ತಗೀರಿ. ಅವರು ಅಂದಿದ್ದು ಆಗಲಿ,” ಎಂದಳು ಪಾರ್ವತಿಬಾಯಿ, ಒಂದು ಗಳಿಗೆಯೂ ಯೋಚಿಸದೆ.

ಮಗ ಶೈಲೇಶ ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಸೋಲಾಪುರದ ಹತ್ತಿರ ಚಿಂಚೋಳಿ ಎಂಐಡಿಸಿ ಎಂಬ ಕೈಗಾರಿಕಾ ವಸಾಹತಿನ ಕಾರ್ಖಾನೆಯೊಂದರಲ್ಲಿ ಅವನ ಕೆಲಸ. ಅವನು ಸೋಲಾಪುರದಲ್ಲಿದ್ದ ಸೋದರಮಾವನ ಮಗಳು ಪ್ರಾಜಕ್ತಾಳಿಗೆ ಫೋನು ಮಾಡಿದ. ಆಕೆ ಹಳ್ಳಿಯ ಹೆಂಗಸರ ಸಣ್ಣ ಉದ್ಯೋಗಗಳಿಗೆ ತರಬೇತಿ ಕೊಡುವವಳು.

ಪ್ರಾಜಕ್ತಾ ಭಾನುವಾರ ಬಂದಳು. ಪಡಸಾಲೆಯ ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಗೆರೆ ಎಳೆದು ಒಂಬತ್ತು ಚೌಕದ ಮನೆಗಳನ್ನು ಮಾಡಿದಳು.

“ಅತ್ತಿ, ಇದಕ್ಕ ಬಿಸಿನೆಸ್ ಮಾಡೆಲ್ ಕ್ಯಾನ್ವಾಸ್ ಅಂತಾರ್ರಿ. ಧಂದಾ ಹ್ಯಾಂಗ ನಡದದ ಅನ್ನೂದು ಒಂದ ಹಾಳ್ಯಾಗ ಕಾಣತದ. ಬಲಗಡೆ ಗಿರಾಕಿ ಯಾರು, ಅವರನ್ನ ಹ್ಯಾಂಗ ಮುಟ್ಟತೀವಿ, ಅವರ ಜೋಡಿ ಸಂಬಂಧ ಹ್ಯಾಂಗ ಅದ. ನಡುವ ನಾವು ಅವರಿಗೆ ಕೊಡೋದು ಏನು, ಅಂದ್ರ ನಮ್ಮ ಕಡೇನೇ ಯಾಕ ಬರಬೇಕು. ಎಡಗಡೆ ನಮ್ಮ ಕೆಲಸ, ನಮ್ಮ ಹಂತೇಲಿ ಅಂದ್ರ ನಮ್ಮ ಕೈಯಾಗ ಇರೋದು, ನಮಗ ಕೈ ಹಚ್ಚೋರು. ತಳಗ ಖರ್ಚು ಮತ್ತ ಗಳಿಕಿ. ಗೊತ್ತಿದ್ದದ್ದು ಹಳದಿ ಚೀಟ್ಯಾಗ ಬರೀರಿ, ಬರೇ ಅಂದಾಜು ಇದ್ದದ್ದು ಗುಲಾಬಿ ಚೀಟ್ಯಾಗ.”

ಪಾರ್ವತಿಬಾಯಿ ಅಕ್ಕಲಕೋಟದ ಕನ್ನಡ ಸಾಲೆಯಲ್ಲಿ ಓದಿದವಳು. ಪ್ರಾಜಕ್ತಾಳಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಹೀಗಾಗಿ ಬರೆದ ಪ್ರತಿ ಚೀಟಿಯನ್ನೂ ಅತ್ತೆಯೇ ಓದಿ ಹೇಳಬೇಕಾಯಿತು.

ಗಿರಾಕಿಗಳು ಎರಡು ಬಗೆ ಎಂದು ಮೊದಲೇ ಕಂಡಿತು. ಅಕ್ಕಲಕೋಟದ ಸ್ವಾಮಿಗಳ ದರ್ಶನಕ್ಕೆ ಬರುವ ಭಕ್ತರು ಒಂದು, ಮಾಳಕ್ಕೆ, ಎಂದರೆ ಬೋರಾಮಣಿಯ ಹುಲ್ಲುಗಾವಲಿಗೆ, ಬರುವವರು ಇನ್ನೊಂದು. ಭಕ್ತರಿಗೆ ಊರಲ್ಲೇ ಸಾಕಷ್ಟು ವಸತಿ ಇತ್ತು. ಗುರುವಾರ, ಹುಣ್ಣಿಮೆಗೆ ಅಲ್ಲಿ ಜಾಗ ಸಿಗದಾಗ ಇಲ್ಲಿಗೆ ಬರುತ್ತಿದ್ದರು. ಅವರಿಗೆ ಈಗಿರುವ ಎರಡು ಖೋಲಿಯೇ ಸಾಕು. ಚಳಿಗಾಲದಲ್ಲಿ ಜಾಗವಿಲ್ಲದೆ ವಾಪಸು ಹೋಗುತ್ತಿದ್ದವರು ಮಾಳದವರು. ಮೂರು ಖೋಲಿ ಬೇಕಾದರೆ ಅವರಿಗಾಗಿಯೇ.

“ಅವರು ನಿಮ್ಮ ಕಡೇನೇ ಯಾಕ ಬರತಾರ?” ಎಂದು ನಡುವಿನ ಮನೆ ತೋರಿಸಿದಳು ಪ್ರಾಜಕ್ತಾ.

ಪಾರ್ವತಿಬಾಯಿ ಬರೆದು ಹಚ್ಚಿದಳು.

“ಓದ್ರಿ.”

“ಸಾಯಬಣ್ಣ.”

ಗಂಡನ ಹೆಸರನ್ನು ಆಕೆ ಬಾಯಿಬಿಟ್ಟು ಹೇಳಿದ್ದು ಮದುವೆಯಲ್ಲಿ ಒಡಪು ಹೇಳುವಾಗ; ಆಮೇಲೆ ಇವತ್ತು. ನಮ್ಮ ಕೆಲಸ ಯಾವುದು? ಸಾಯಬಣ್ಣ ಮಾಳಕ್ಕೆ ಕರೆದೊಯ್ಯುವುದು. ಹಂತೇಲಿ ಇರೋದು ಏನು? ಸಾಯಬಣ್ಣ, ಜೀಪು. ಗಿರಾಕಿ ಹೇಗೆ ಬರುತ್ತಾರೆ? ಹಿಂದೆ ಬಂದು ಹೋದವರು ಸಾಯಬಣ್ಣನ ನಂಬರು ಕೊಡುತ್ತಾರೆ.

ಪ್ರಾಜಕ್ತಾ ಶೈಲೇಶನ ಕಡೆ ನೋಡಿದಳು. “ನೀ ಕರಕೊಂಡು ಹೋಗತೀಯೇನು?”

“ನನಗ ದಾರಿ ಸೈತ ನೆಟ್ಟಗ ಗೊತ್ತಿಲ್ಲ,” ಎಂದ ಅವನು ತಲೆ ತಗ್ಗಿಸಿ.

ಆಗ ಪ್ರಾಜಕ್ತಾ ಒಂದು ಗುಲಾಬಿ ಚೀಟಿಯ ಮೇಲೆ ಮರಾಠಿಯಲ್ಲಿ ಬರೆದು ಓದಿ ಹೇಳಿದಳು: ಮಾವ ಇಲ್ಲದಿದ್ದರೂ ಮಾಳದವರು ಬಂದು ಉಳಿಯುತ್ತಾರೆ. “ಇದು ಬರೇ ಅಂದಾಜು, ಅತ್ತಿ. ಖೋಲಿ ಎಲ್ಲಾ ಇದರ ಮ್ಯಾಲೇ ನಿಂತಾವ. ಹಳೇ ಗಿರಾಕಿಗೆ ಫೋನ್ ಮಾಡಿ ಕೇಳ್ರಿ. ಇಲ್ಲೇ ಕುಂತು ತಿಳಿಯೋ ಮಾತಲ್ಲ ಇದು.”

ಪ್ರಾಜಕ್ತಾ ಮುಂದಿನ ಭಾನುವಾರ ಬಂದಾಗ ಪಾರ್ವತಿಬಾಯಿಯ ಮುಖದಲ್ಲಿ ಗೆಲುವಿತ್ತು. “ಎಲ್ಲಾರೂ ಬರತೀವಿ ಅಂದ್ರು. ಬಸಣ್ಣಗ ಹೇಳಿಬಿಡೂಣು.”

ಪ್ರಾಜಕ್ತಾಳಿಗೂ ಸಂತೋಷವಾಯಿತು. ಅಷ್ಟರಲ್ಲಿ ಸಾಯಬಣ್ಣನ ಫೋನಿಗೆ ಒಂದು ಧ್ವನಿ ಸಂದೇಶ ಬಂತು. ಆ ಫೋನು ಈಗ ಪಾರ್ವತಿಬಾಯಿಯ ಬಳಿಯೇ ಇರುತ್ತಿತ್ತು. ಪುಣೆಯ ಉಜ್ವಲಾ, ಪ್ರತಿ ಚಳಿಗಾಲ ಹಕ್ಕಿಗಳ ಚಿತ್ರ ಬರೆಯಲು ಬರುತ್ತಿದ್ದ ಶಿಕ್ಷಕಿ, ನಗುತ್ತ ಮರಾಠಿಯಲ್ಲಿ ಹೇಳುತ್ತಿದ್ದಳು: ಕಾಕಾ, ಆರಾಮಾಗಿದ್ದೀರಿ ಎಂದು ಕಾಕೂ ಹೇಳಿದರು, ಈ ಸಲ ನಿಮಗೊಂದು ದುರ್ಬೀನು ತರುತ್ತೇನೆ, ತೋಳದ ಮರಿ ತೋರಿಸಲೇಬೇಕು.

ಪ್ರಾಜಕ್ತಾ ಅತ್ತೆಯನ್ನೇ ನೋಡಿದಳು. “ಅತ್ತಿ, ನೀವು ಹೇಳಿಲ್ಲೇನ್ರಿ?”

“ಮದಲನೇ ಮಾತಿಗೇ ‘ಕಾಕಾ ಕಸೇ ಆಹೇತ?’ ಅಂದ್ರು. ಛಲೋ ಅದಾರ ಅಂದೆ.” ಪಾರ್ವತಿಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಎಲ್ಲಾರೂ ಹಂಗ ಕೇಳಿದ್ರು ಯವ್ವಾ. ಅವರು ಕೇಳೂ ಮುಂದ ಇವರು ಅಲ್ಲೇ ಹೊರಗ ಜೀಪ್ ವರಸಾಕತ್ತಾರ ಅನಿಸ್ತು. ಇಲ್ಲ ಅಂತ ಹ್ಯಾಂಗ ಅನಲಿ? ಊರಾಗಿನವರಿಗೆ ಎಲ್ಲಾ ಗೊತ್ತದ. ಆ ಫೋನಿನ್ಯಾಗ ಅಷ್ಟ ಅವರು ಇನ್ನಾ ಇದ್ರು.”

ಪ್ರಾಜಕ್ತಾ ಗದರಲಿಲ್ಲ. ಪಕ್ಕದಲ್ಲಿ ಕುಳಿತು ಅತ್ತೆಯ ಕೈ ಹಿಡಿದುಕೊಂಡಳು. “ನಾ ಹೇಳಲೇನ್ರಿ?” ಎಂದು ಕೇಳಿದಳು.

“ಬ್ಯಾಡ. ಸುಳ್ಳು ಹೇಳಿದಾಕಿ ನಾನು.”

ಅಂದು ಮಧ್ಯಾಹ್ನವೆಲ್ಲ ಆಕೆ ಒಬ್ಬೊಬ್ಬರಿಗೇ ಫೋನು ಮಾಡಿದಳು. ಪ್ರತಿ ಸಲವೂ ಮೊದಲಿನಿಂದ ಹೇಳಬೇಕಾಯಿತು: ಶ್ರಾವಣ, ಕೊಟ್ಟಿಗೆ, ದವಾಖಾನೆಯ ದಾರಿ. ಅತ್ತ ಕಡೆ ಕೆಲವರು ಅತ್ತರು. ಒಬ್ಬ ಹೈದರಾಬಾದಿನವನು ಇನ್ನು ಆ ಕಡೆ ಬರಲು ಮನಸ್ಸಾಗದು ಎಂದ. ಇನ್ನೊಬ್ಬರು ಬೇರೆ ಮಾರ್ಗದರ್ಶಕ ಇದ್ದಾನೆಯೇ ಎಂದು ಸಂಕೋಚದಿಂದ ಕೇಳಿದರು. ಇಲ್ಲ ಎಂದಾಗ, ನೋಡೋಣ ಎಂದರು. ಬಂದು ಉಳಿಯುತ್ತೇವೆ ಎಂದವರು ಒಬ್ಬರೂ ಇರಲಿಲ್ಲ. ಒಂದೊಂದು ಫೋನು ಇಡುವಾಗಲೂ ಪಾರ್ವತಿಬಾಯಿಗೆ ಗಂಡ ಮತ್ತೊಂದು ಮನೆಯಲ್ಲಿ ಸತ್ತಂತೆ ಆಗುತ್ತಿತ್ತು.

ಪ್ರಾಜಕ್ತಾ ಗುಲಾಬಿ ಚೀಟಿ ಕಿತ್ತಳು. ಸಾಯಬಣ್ಣನ ಹೆಸರಿನ ಹಳದಿ ಚೀಟಿಗಳಿಗೆ ಕೈ ಹಾಕಲು ಅವಳಿಗೆ ಧೈರ್ಯವಾಗಲಿಲ್ಲ. ಪಾರ್ವತಿಬಾಯಿಯೇ ಎದ್ದು ಒಂದೊಂದಾಗಿ ತೆಗೆದಳು. ಹಾಳೆಯಲ್ಲಿ ಉಳಿದದ್ದು ಭಕ್ತರು, ಎರಡು ಖೋಲಿ, ರೊಟ್ಟಿ, ಶೇಂಗಾ ಚಟ್ನಿ.

“ಇದರ ಮ್ಯಾಲ ಮೂರು ಖೋಲಿ ನಿಂದ್ರಾಂಗಿಲ್ಲ,” ಎಂದು ತಾನೇ ಅಂದಳು. “ಬಸಣ್ಣಗ ಬ್ಯಾಡ ಅಂತ ಹೇಳು, ಶೈಲೇಶ. ನನ್ನ ಬಾಯಿಲೆ ಬರಾಂಗಿಲ್ಲ.”

ಶೈಲೇಶ ಫೋನು ಹಿಡಿದು ಹೊರಗೆ ಹೋದ.

ಉಜ್ವಲಾಗೆ ಮಾತ್ರ ಇನ್ನೂ ಹೇಳಿರಲಿಲ್ಲ. ಆಕೆಯನ್ನು ಕೊನೆಗೆ ಉಳಿಸಿಕೊಂಡಿದ್ದಳು. ಫೋನು ಎತ್ತಿದ ಕೂಡಲೇ ಉಜ್ವಲಾ ಕಾಕಾನನ್ನು ಕರೆಯಲು ಹೇಳಿದಳು. ಪಾರ್ವತಿಬಾಯಿ ಎಲ್ಲ ಹೇಳಿ ಮುಗಿಸಿದಳು. ಆಮೇಲೆ ಉಜ್ವಲಾ ಅಳುತ್ತ ಮರಾಠಿಯಲ್ಲಿ, “ನಿಮ್ಮನ್ನು ನೋಡಲಾದರೂ ಬರಲೇ ಕಾಕೂ?” ಎಂದಳು.

“ಬಾ,” ಎಂದಳು ಪಾರ್ವತಿಬಾಯಿ. “ತೋರಸಾಕ ಏನೂ ಇಲ್ಲ. ಬಾ.”

ಉಜ್ವಲಾಗೆ ಕನ್ನಡ ಬಾರದು ಎಂಬುದು ಆಕೆಗೆ ಮರೆತೇ ಹೋಗಿತ್ತು.