ಅಮ್ಮಣ್ಣಿಯ ಗಟ್ಟಿ ಇಂಗು

ಜಯನಗರದ ಮೂರು ಮನೆಗಳಲ್ಲಿ ಅಡುಗೆ ಮಾಡುವ ಅಮ್ಮಣ್ಣಿಗೆ ಡಬ್ಬಿಯ ಇಂಗಿನ ಪುಡಿ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಯಾರಾದರೂ ಒಗ್ಗರಣೆಗೆ ಅದನ್ನು ಉದುರಿಸಿದರೆ, “ಥೂ, ಹಿಟ್ಟಿಗೆ ವಾಸನೆ ಹಚ್ಚಿ ಮಾರ್ತಾರೆ” ಎಂದು ಮೂಗು ಮುರಿಯುತ್ತಿದ್ದಳು. ಅವಳದು ಕಲ್ಲಿನಂಥ ಗಟ್ಟಿ ಇಂಗು. ಕುಟ್ಟಿ, ಕಡಲೆಕಾಳಿನಷ್ಟು ಚೂರನ್ನು ನೀರಲ್ಲಿ ನೆನೆಹಾಕಿ ಸಾರಿಗೆ ಸುರಿಯುತ್ತಿದ್ದಳು. ಗಟ್ಟಿಯಾಗಿದ್ದರೆ ಅಪ್ಪಟ, ಪುಡಿಯಾಗಿದ್ದರೆ ಕಲಬೆರಕೆ. ಇಪ್ಪತ್ತು ವರ್ಷದಿಂದ ಅವಳ ಶಾಸ್ತ್ರ ಇಷ್ಟೇ. ಅದನ್ನು ಪ್ರಶ್ನಿಸಿದವರಿಗೆ ಅಡುಗೆಮನೆಯೊಳಗೆ ಪ್ರವೇಶವಿರಲಿಲ್ಲ.

ಆ ಮೂರರಲ್ಲಿ ತನ್ಮಯಿಯ ಮನೆಯ ಕಥೆ ಬೇರೆ. ಅವಳ ಏಳು ವರ್ಷದ ಮಗಳಿಗೆ ಗೋಧಿ ಆಗದು. ಚೂರು ಒಳಗೆ ಹೋದರೂ ಕರುಳು ಕೆಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಚಪಾತಿ, ಬ್ರೆಡ್ಡು, ಬಿಸ್ಕತ್ತು ಎಲ್ಲ ನಿಂತರೂ ಮಗುವಿನ ಹೊಟ್ಟೆ ಉಬ್ಬುವುದು, ಭೇದಿ ಆಗುವುದು ನಿಲ್ಲಲಿಲ್ಲ. ಯಾರೋ ಕದ್ದು ಏನೋ ತಿನ್ನಿಸುತ್ತಿದ್ದಾರೆ ಎಂದು ತನ್ಮಯಿಗೆ ಅನುಮಾನ ಬಂದಾಗ ಅಮ್ಮಣ್ಣಿ ಒಂದು ಕ್ಷಣವೂ ಯೋಚಿಸಲಿಲ್ಲ.

“ಇನ್ಯಾರು? ಪಾತ್ರೆ ತೊಳೆಯೋ ಶಂಕ್ರವ್ವ. ಸೆರಗಲ್ಲಿ ಯಾವಾಗ್ಲೂ ಬಿಸ್ಕತ್ ಪೊಟ್ಟಣ ಇರುತ್ತೆ. ನಾನೇ ನೋಡಿದೀನಿ.”

ಪೊಟ್ಟಣ ನೋಡಿದ್ದು ನಿಜ, ಮಗುವಿಗೆ ಕೊಟ್ಟದ್ದನ್ನು ನೋಡಿರಲಿಲ್ಲ. ಶಂಕ್ರವ್ವ ಆಣೆ ಇಟ್ಟಳು, ಅತ್ತಳು. ಮರುದಿನದಿಂದ ಬರಬೇಡ ಎಂದಳು ತನ್ಮಯಿ.

ಶಂಕ್ರವ್ವ ಹೋಗಿ ತಿಂಗಳಾದರೂ ಮಗು ಸುಧಾರಿಸಲಿಲ್ಲ. ಒಂದು ದಿನ ತನ್ಮಯಿ ಇಂಗಿನ ಚೂರನ್ನು ಕೈಯಲ್ಲಿ ಹಿಡಿದು, “ಅಮ್ಮಣ್ಣಿ, ಇದರಲ್ಲಿ ಏನಾದ್ರೂ ಮಿಕ್ಸ್ ಇರಬಹುದಾ?” ಎಂದಳು. ಅಮ್ಮಣ್ಣಿಗೆ ಕೆನ್ನೆಗೆ ಹೊಡೆದಂತಾಯಿತು. ಅಪ್ಪಟವೆಂದು ಇಂಗಿನ ಅಂಗಡಿಯವನ ಬಾಯಿಂದಲೇ ಹೇಳಿಸುತ್ತೇನೆಂದು ನಾಲ್ಕನೇ ಬ್ಲಾಕಿಗೆ ಧುಮುಧುಮು ನಡೆದಳು.

ಅಂಗಡಿಯ ಜಯಸಿಂಹ ಅವಳು ಎಂದೂ ನೋಡದೆ ಎಸೆಯುತ್ತಿದ್ದ ರಟ್ಟಿನ ಡಬ್ಬಿಯನ್ನು ತಿರುಗಿಸಿ ಓದಿದ. “ಗೋಂದು, ಗೋಧಿ ಹಿಟ್ಟು, ಆಮೇಲೆ ಇಂಗು. ಇದೂ ಹಿಟ್ಟು ಬೆರೆಸಿದ ಕಾಂಪೌಂಡ್ ಇಂಗೇ ಅಮ್ಮಣ್ಣಿ. ಪುಡಿ ಆದ್ರೇನು, ಗಟ್ಟಿ ಆದ್ರೇನು. ಕೆಲವರು ಅಕ್ಕಿ ಹಿಟ್ಟು ಹಾಕ್ತಾರೆ, ಇವರು ಗೋಧಿ. ನೀವು ಯಾವತ್ತೂ ಕೇಳ್ಲೇ ಇಲ್ವಲ್ಲ?”

ಅಮ್ಮಣ್ಣಿ ಸಾರಿಗೆ, ಹುಳಿಗೆ, ಮಗು ಕುಡಿಯುವ ಮಜ್ಜಿಗೆಗೆ, ದಿನಕ್ಕೆ ಎರಡು ಹೊತ್ತು ತನ್ನ ಕೈಯಾರೆ ಗೋಧಿ ಕಲಸಿ ಕೊಟ್ಟಿದ್ದಳು. ಬೆರಳನ್ನು ಮೂಗಿಗೆ ಹಿಡಿದಳು. ಇಷ್ಟು ವರ್ಷ ಹೆಮ್ಮೆಯಿಂದ ಮೂಸಿದ ಅದೇ ವಾಸನೆ ಈಗ ಹೇಸಿಗೆಯಾಯಿತು.

ಜಯಸಿಂಹ ಬೇರೆ ಮಾಲು ತೆಗೆದ. ಅಂಟಂಟು, ಕಂದು ಬಣ್ಣದ ಅಪ್ಪಟ ಇಂಗು. “ಇದಕ್ಕೆ ಏನೂ ಬೆರೆಸಿಲ್ಲ. ಆದ್ರೆ ಒಂದು ಪಾತ್ರೆ ಸಾರಿಗೆ ಎಳ್ಳುಕಾಳಷ್ಟು ಸಾಕು, ತುಪ್ಪದಲ್ಲಿ ಹುರಿದು ಹಾಕಿ.” ತನಗೆ ಇಂಗು ಹಾಕುವುದನ್ನು ಇವನು ಕಲಿಸಬೇಕೆ ಎಂದು ಅಮ್ಮಣ್ಣಿ ಅಷ್ಟರಲ್ಲೂ ಸಿಡುಕಿದಳು.

ತನ್ಮಯಿಯ ಅಡುಗೆಮನೆಗೆ ಮರಳಿದರೂ ಆ ಕೈಗೆ ಬುದ್ಧಿ ಎಲ್ಲಿಂದ ಬರಬೇಕು? ಹಳೇ ಅಭ್ಯಾಸದಂತೆ ಕಡಲೆಕಾಳಿನಷ್ಟು ಮುರಿದು ಹಾಕಿತು. ಒಗ್ಗರಣೆಯಿಂದ ಎದ್ದ ಗಬ್ಬುನಾತಕ್ಕಿಂತ ಕೊಳೆತ ಬೆಳ್ಳುಳ್ಳಿಯೇ ವಾಸಿ. ತನ್ಮಯಿ ಕಿಟಕಿಗಳನ್ನೆಲ್ಲ ತೆರೆದಳು. ರುಚಿ ನೋಡಿದ ಅಮ್ಮಣ್ಣಿಯ ನಾಲಿಗೆ ಕಹಿಯಿಂದ ಸೊಟ್ಟಗಾಯಿತು. ಇಡೀ ಪಾತ್ರೆ ಸಾರನ್ನು ಸಿಂಕಿಗೆ ಸುರಿದು, ಅಲ್ಲೇ ನಿಂತು ತನ್ಮಯಿಗೆ ಎಲ್ಲವನ್ನೂ ಹೇಳಿದಳು.

“ಶಂಕ್ರವ್ವನ್ನ ಕಳಿಸಿಬಿಟ್ವಲ್ಲ” ಎಂದಳು ತನ್ಮಯಿ.

ಎಳ್ಳುಕಾಳಿನಷ್ಟು ಅಪ್ಪಟ ಇಂಗಿನ ಸಾರು ಉಂಡು ಕೆಲವು ವಾರಗಳಲ್ಲಿ ಮಗು ಚೇತರಿಸಿಕೊಂಡಿತು. ಅಮ್ಮಣ್ಣಿಗೆ ಮಾತ್ರ ಅನ್ನ ಸೇರಲಿಲ್ಲ. ಕೊನೆಗೊಂದು ಭಾನುವಾರ ಕೋಣನಕುಂಟೆಯಲ್ಲಿದ್ದ ಶಂಕ್ರವ್ವನ ಬಾಡಿಗೆ ಕೋಣೆಯನ್ನು ಹುಡುಕಿಕೊಂಡು ಹೋದಳು. ಬಸ್ಸಿನಲ್ಲಿ ಕ್ಷಮೆಯ ಮಾತುಗಳನ್ನು ಹತ್ತು ಸಲ ಒಪ್ಪಿಸಿಕೊಂಡಿದ್ದಳು. ಬೈದರೆ ಬೈಸಿಕೊಳ್ಳಬೇಕು, ಉಗಿದರೆ ಉಗಿಸಿಕೊಳ್ಳಬೇಕು ಎಂದು ಗಟ್ಟಿಮನಸ್ಸು ಮಾಡಿದ್ದಳು.

ಬಾಗಿಲು ತೆರೆದ ಶಂಕ್ರವ್ವ ಅವಳ ಮುಖ ನೋಡಿ ಗಾಬರಿಯಾದಳು. ಅಮ್ಮಣ್ಣಿ ಬಾಯಿ ತೆರೆಯುವ ಮೊದಲೇ ಕೇಳಿದಳು:

“ಯಾಕ್ರೀ ಅಮ್ಮಾರ, ಆ ಕೂಸಿಗೆ ಏನೂ ಆಗಿಲ್ಲ ಹೌದಲ್ರೀ?”

ಅಮ್ಮಣ್ಣಿ ಇಲ್ಲವೆಂದು ತಲೆಯಾಡಿಸಿದಳು. ಒಪ್ಪಿಸಿಕೊಂಡ ಮಾತುಗಳನ್ನೆಲ್ಲ ಬಿಟ್ಟು ಶಂಕ್ರವ್ವನ ಎರಡೂ ಕೈ ಹಿಡಿದುಕೊಂಡಳು.